ರೌಟರಿಗೇ ವಿಪಿಎನ್ ಹಾಕಿದವರು ಇದ್ದೀರಾ? (ಮನೆ ಶಿರಸಿ, ಆಫೀಸು ಕಾರವಾರ)

ಅಟ್ಟದ ಮೇಲಿನ ಆಫೀಸು, ಶಿರಸಿ

ವಾರಕ್ಕೆ ನಾಲ್ಕು ದಿನ ಮನೆಯಿಂದಲೇ ಕೆಲಸ. ಆಫೀಸಿನವರು ಕೊಟ್ಟ `.ovpn` ಫೈಲು ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ನಡೆಯುತ್ತದೆ. ಆದರೆ ಮೇಜಿನ ಮೇಲಿನ ಐಪಿ ಫೋನಿಗೆ, ಸ್ಕ್ಯಾನರಿಗೆ ಆ ಫೈಲು ಹಾಕಲು ಬರುವುದಿಲ್ಲ. ರೌಟರೇ ವಿಪಿಎನ್‌ಗೆ ಸೇರಿಕೊಂಡರೆ ಎಲ್ಲ ಒಟ್ಟಿಗೆ ಆಗುತ್ತದಲ್ವಾ? ಲೈನು 100 ಎಂಬಿಪಿಎಸ್ ಫೈಬರ್. ಈಗಿರುವ ರೌಟರಿನ ಡಬ್ಬದ ಮೇಲೆ ವಿಪಿಎನ್ ಅಂತ ಬರೆದಿದೆ. ಇದೇ ಸಾಕಾ, ಹೊಸದು ಬೇಕಾ? ಮಾಡಿ ನೋಡಿದವರು ಹೇಳಿ.

---

ಶರಾವತಿ ದಡ, ಹೊನ್ನಾವರ

ಡಬ್ಬ ನಂಬಬೇಡಿ ಮಾರಾಯ್ರೆ. ನಾನು ನಂಬಿ 5,470 ರೂಪಾಯಿ ಕಳೆದುಕೊಂಡವ. ಲೆಕ್ಕ ಬರೆದಿಟ್ಟಿದ್ದೇನೆ, ಹೇಳುತ್ತೇನೆ ಕೇಳಿ.

ನಮ್ಮ ಅಣ್ಣನ ಮೀನಿನ ವ್ಯಾಪಾರದ ಬಿಲ್ಲಿಂಗ್ ಕಂಪ್ಯೂಟರು ಮಂಗಳೂರಿನಲ್ಲಿದೆ. ಇಲ್ಲಿ ಮನೆಯಲ್ಲಿ ಮೂರು ಮಂದಿ ಅದಕ್ಕೆ ಸೇರಬೇಕು. ರೌಟರಿಗೇ ಹಾಕಿಬಿಡೋಣ ಅಂತ ಡಬ್ಬದ ಮೇಲೆ ವಿಪಿಎನ್ ಎಂದು ದಪ್ಪಕ್ಷರದಲ್ಲಿ ಬರೆದಿದ್ದ ಒಂದನ್ನು ತರಿಸಿದೆ. ರೌಟರಿಗೆ 4,350, ಕೊರಿಯರಿಗೆ 120. ಬಂದ ದಿನವೇ ಒಳಗೆ ಹೋಗಿ ಮೆನು ನೋಡುತ್ತೇನೆ, `VPN Server` ಅಂತ ಒಂದೇ ಒಂದು ಸಾಲು. ಅದರ ಕೆಳಗೆ `OpenVPN` ಇದೆ, `PPTP` ಇದೆ. `VPN Client` ಎಂಬ ಮಾತೇ ಇಲ್ಲ. ಅಂದರೆ ಹೊರಗಿನವರು ನಮ್ಮ ಮನೆಗೆ ಬರಬಹುದು, ನಾವು ಹೊರಗೆ ಹೋಗುವ ಹಾಗಿಲ್ಲ. ನನಗೆ ಬೇಕಾದ್ದು ಹೋಗುವ ಬಾಗಿಲು, ಕೊಟ್ಟದ್ದು ಬರುವ ಬಾಗಿಲು.

ಸಹಾಯವಾಣಿಗೆ ಮೂರು ಸಲ ಫೋನು ಮಾಡಿದೆ. ಮೊದಲನೆಯವಳು “ಇದೆ ಸರ್” ಅಂದಳು. ಎರಡನೆಯವನು “ಪಾಸ್‌ಥ್ರೂ ಇದೆ ಸರ್” ಅಂದ. ಆ ಪಾಸ್‌ಥ್ರೂ ಅಂದರೆ ಲ್ಯಾಪ್‌ಟಾಪು ತಾನೇ ಕಟ್ಟಿಕೊಂಡ ವಿಪಿಎನ್ನನ್ನು ತಡೆಯದೆ ದಾಟಿಸುತ್ತದೆ, ಅಷ್ಟೇ. ಮೂರನೆಯವ ಫೋನೇ ಇಟ್ಟುಬಿಟ್ಟ. ಮಾರಿದವನ ಹತ್ತಿರ ವಾಪಸ್ ಕೇಳಿದರೆ ಏಳು ದಿನ ಮುಗಿಯಿತು ಅಂದ.

ಹೋಗಲಿ, ಸರ್ವರನ್ನೇ ಬಳಸಿ ಉಲ್ಟಾ ಮಾಡೋಣ, ಮಂಗಳೂರಿನವರೇ ಇಲ್ಲಿಗೆ ಬರಲಿ ಅಂತ ನೋಡಿದೆ. ಅದೂ ಆಗಲಿಲ್ಲ. ನನ್ನ ರೌಟರಿಗೆ ಸಿಕ್ಕ ವಿಳಾಸ 100.72ರಿಂದ ಶುರು. ಇಂಟರ್‌ನೆಟ್ ಕೊಡುವವರು ಒಂದೇ ಸಾರ್ವಜನಿಕ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚಿದಾಗ ಹೀಗೆ ಬರುತ್ತದಂತೆ. ಹೊರಗಿನಿಂದ ಒಳಗೆ ಬರಲು ದಾರಿಯೇ ಇಲ್ಲ.

ಆಮೇಲೆ ತಲೆ ಕೆಟ್ಟು ಬೇರೆ ಫರ್ಮ್‌ವೇರ್ ಹಾಕಲು ಹೋದೆ. ಮಾಡೆಲ್ ಹೆಸರು ಸರಿ ಇತ್ತು. ಅಡಿಯಲ್ಲಿದ್ದ ಸ್ಟಿಕ್ಕರಿನಲ್ಲಿ V4 ಅಂತಿತ್ತು, ನಾನು ಇಳಿಸಿಕೊಂಡದ್ದು V2ರದ್ದು. ಹೆಸರು ಒಂದೇ, ಒಳಗಿನ ಚಿಪ್ಪೇ ಬೇರೆ. ದೀಪ ಒಮ್ಮೆ ಮಿನುಗಿತು, ಆಮೇಲೆ ಇವತ್ತಿನವರೆಗೂ ಇಲ್ಲ. ಬದುಕಿಸಲು ಸೀರಿಯಲ್ ಕೇಬಲ್ಲಿಗೆ 280, ಹುಬ್ಬಳ್ಳಿಗೆ ಹೋಗಿ ಬಂದ ಬಸ್ಸಿಗೆ 320, ಅಲ್ಲಿ ನೋಡಿದ ಹುಡುಗನಿಗೆ 400. ಕೂಡಿಸಿ.

---

ಕಾಳಿ ಸೇತುವೆ, ಕಾರವಾರ

ಇಷ್ಟೊಂದು ಗೋಳು ಯಾಕೆ? `WAN` ಮೆನುವಿನಲ್ಲಿ ಕನೆಕ್ಷನ್ ಟೈಪ್ ಅಂತ ಇರುತ್ತದೆ. ಅದರ ಪಟ್ಟಿಯಲ್ಲಿ `PPTP`, `L2TP` ಇದ್ದರೆ ಆ ರೌಟರಿಗೆ ಕ್ಲೈಂಟ್ ಇದೆ ಅಂತಲೇ ಅರ್ಥ. ಹೊನ್ನಾವರದವರು ಅಲ್ಲಿ ನೋಡಲೇ ಇಲ್ಲ ಅನ್ನಿಸುತ್ತದೆ.

ಇನ್ನು ಪ್ರೊಸೆಸರ್ ವಿಷಯ. ಎಲ್ಲರೂ ಪ್ರೊಸೆಸರ್ ಸಾಲದು ಎಂದು ಹೆದರಿಸುತ್ತಾರೆ. ಸುಮ್ನೆ. ನನ್ನದು MT7621 ಚಿಪ್ಪಿನ ರೌಟರು, 880 ಮೆಗಾಹರ್ಟ್ಸ್, OpenWrt ಹಾಕಿದ್ದೇನೆ. ಓಪನ್‌ವಿಪಿಎನ್ ಓಡುವಾಗ `top` ಕೊಟ್ಟು ನೋಡಿದೆ. 25% ಮಾತ್ರ ತೋರಿಸುತ್ತದೆ. ಇನ್ನೂ 75% ಖಾಲಿ ಬಿದ್ದಿದೆ! ಆದರೆ ವೇಗ 18 ಎಂಬಿಪಿಎಸ್ ದಾಟುವುದಿಲ್ಲ, ನನ್ನದೂ 100ರ ಲೈನೇ. ತಪ್ಪು ಯಾರದ್ದು? ಇಂಟರ್‌ನೆಟ್ ಕೊಡುವವರದ್ದು. ವಿಪಿಎನ್ ಕಂಡ ಕೂಡಲೇ ಕತ್ತು ಹಿಸುಕುತ್ತಾರೆ. ಮೂರು ತಿಂಗಳಿಂದ ಜಗಳ ಮಾಡುತ್ತಿದ್ದೇನೆ. ಹನ್ನೊಂದು ದೂರು ಕೊಟ್ಟಿದ್ದೇನೆ, ಎಲ್ಲದರ ನಂಬರೂ ಇದೆ. ಕೊನೆಗೆ ಬಂದ ಹುಡುಗ ಮನೆ ತನಕದ ಹೊಸ ಫೈಬರನ್ನೇ ಎಳೆದು ಹೋದ. ಆದರೂ 18.

---

ಅಲೆಮಾರಿ, ಭಟ್ಕಳ

ಕ್ರಿಕೆಟ್ ನೋಡೋದಕ್ಕಾ? ಅದಕ್ಕೆ ರೌಟರು ಯಾಕೆ, ಟಿವಿಯಲ್ಲೇ ಆ್ಯಪ್ ಹಾಕಬಹುದು. ನಾನು ದುಬೈನಲ್ಲಿದ್ದಾಗ ಆ ಕಡೆಯಿಂದ ಈ ಕಡೆ ನೋಡುತ್ತಿದ್ದೆ. ಆದರೆ ಈಗ ಭಾರತದಲ್ಲಿ ವಿಪಿಎನ್ ಬ್ಯಾನ್ ಅಲ್ವಾ? ಹುಷಾರು.

---

ಅಘನಾಶಿನಿ, ಕುಮಟಾ

ಭಟ್ಕಳದವರೆ, ಬ್ಯಾನ್ ಇಲ್ಲ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಕೊಟ್ಟ ಆದೇಶ ವಿಪಿಎನ್ ಮಾರುವ ಕಂಪನಿಗಳಿಗೆ. ಗ್ರಾಹಕರ ವಿವರ ಐದು ವರ್ಷ ಇಟ್ಟುಕೊಳ್ಳಿ ಎಂದಿತು, ಕೆಲವರು ಒಪ್ಪದೆ ಇಲ್ಲಿನ ಸರ್ವರ್ ತೆಗೆದರು. ಆಫೀಸಿನ ಸ್ವಂತ ವಿಪಿಎನ್‌ಗೆ ಅದು ಅನ್ವಯಿಸುವುದಿಲ್ಲ ಎಂದೂ ಆಮೇಲೆ ಹೇಳಿದ್ದಾರೆ. ಕ್ರಿಕೆಟ್ ಬೇರೆ ಕಡೆ ಮಾತಾಡೋಣ.

ಕಾರವಾರದವರೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಮೂರು ತಿಂಗಳು ಬೈದದ್ದು ಪಾಪದ ಹುಡುಗನಿಗೆ. ನಾನೂ ಎರಡು ವರ್ಷದ ಹಿಂದೆ ಇದೇ ಚಿಪ್ಪಿನ ಎದುರು ಕುಳಿತು ಇದೇ 25% ನೋಡಿ ಮೋಸ ಹೋದವಳು. ಈ ಕಮಾಂಡ್ ಕೊಡಿ:

```
grep -c ^processor /proc/cpuinfo
```

ನಿಮಗೆ 4 ಎಂದು ಬರುತ್ತದೆ. ಆ ಚಿಪ್ಪಿನಲ್ಲಿ ನಿಜವಾಗಿ ಇರುವುದು ಎರಡು ಕೋರು. ಒಂದೊಂದೂ ಎರಡು ಥ್ರೆಡ್ ನಡೆಸುವುದರಿಂದ ಲಿನಕ್ಸಿಗೆ ನಾಲ್ಕಾಗಿ ಕಾಣುತ್ತದೆ. ರೌಟರಿನಲ್ಲಿರುವ ಚಿಕ್ಕ `top` ಆ ನಾಲ್ಕನ್ನೂ ಸೇರಿಸಿ 100% ಎಂದು ಲೆಕ್ಕ ಹಾಕುತ್ತದೆ. ಓಪನ್‌ವಿಪಿಎನ್ ಒಂದು ಸಂಪರ್ಕಕ್ಕೆ ಒಂದೇ ಥ್ರೆಡ್ಡಿನಲ್ಲಿ ಕೆಲಸ ಮಾಡುತ್ತದೆ. ಹಾಗಾಗಿ ಅದು ಏದುಸಿರು ಬಿಟ್ಟು ಓಡಿದರೂ 25%ಕ್ಕಿಂತ ಮೇಲೆ ಹೋಗಲು ಸಾಧ್ಯವೇ ಇಲ್ಲ. ನೀವು ನೋಡಿದ 25% ಖಾಲಿತನದ ಗುರುತಲ್ಲ. ಅದು ಪೂರ್ತಿ ತುಂಬಿದ್ದರ ಗುರುತು. ಗದ್ದೆಗೆ ನಾಲ್ಕು ಆಳು ಬಂದಿದ್ದಾರೆ, ಹಾರೆ ಇರುವುದು ಒಂದೇ. ಮೂವರು ಬದುವಿನ ಮೇಲೆ ಕೂತಿದ್ದಾರೆ.

ಇಂಟರ್‌ನೆಟ್‌ನವರ ತಪ್ಪೋ ರೌಟರಿನ ತಪ್ಪೋ ನೋಡಲು ಹತ್ತು ನಿಮಿಷ ಸಾಕು. ರೌಟರಿನ ವಿಪಿಎನ್ ಆರಿಸಿ. ಅದೇ `.ovpn` ಫೈಲನ್ನು ಲ್ಯಾಪ್‌ಟಾಪಿಗೆ ಹಾಕಿ, ವೈಫೈ ಬೇಡ, ಅದೇ ರೌಟರಿಗೆ ಕೇಬಲ್ ಚುಚ್ಚಿ ವೇಗ ನೋಡಿ. ಅಲ್ಲಿ 90 ಬಂದರೆ ಲೈನು ನಿರ್ದೋಷಿ. ನನಗೆ ಲ್ಯಾಪ್‌ಟಾಪಿನಲ್ಲಿ 93 ಬಂತು, ರೌಟರಿನಲ್ಲಿ 17.

ಆಮೇಲೆ ಯಾಕೆ ಹೀಗೆ ಅಂತ ಹಟ ಹಿಡಿದು ಕೂತೆ. OpenWrt ಇದ್ದರೆ `openssl-util` ಹಾಕಿಕೊಂಡು ಇದನ್ನು ಓಡಿಸಬಹುದು:

```
openssl speed -evp aes-256-gcm
openssl speed -evp chacha20-poly1305
```

ಸಾಲು ಸಾಲು ಅಂಕಿ ಬರುತ್ತವೆ. 1024 ಬೈಟ್ಸ್ ಎಂಬ ಕಾಲಂ ಮಾತ್ರ ನೋಡಿ. ನಮ್ಮ ಪ್ಯಾಕೆಟ್ಟು 1400ರ ಆಸುಪಾಸು ಇರುವುದರಿಂದ ಅದೇ ಹತ್ತಿರದ್ದು. ನನ್ನದರಲ್ಲಿ ಎಇಎಸ್‌ಗೆ ಸುಮಾರು 9,000k ಬಂತು. ಅಂದರೆ ಸೆಕೆಂಡಿಗೆ 9 ಮೆಗಾಬೈಟು, ಎಂಟರಿಂದ ಗುಣಿಸಿದರೆ 72 ಎಂಬಿಪಿಎಸ್. ಹಾಗಾದರೆ 72 ಬರಬೇಕಿತ್ತು, 17 ಯಾಕೆ ಬಂತು? ಆ ಕಮಾಂಡು ಬರೀ ಗೂಢಲಿಪಿಯ ಲೆಕ್ಕವನ್ನಷ್ಟೇ ಅಳೆಯುತ್ತದೆ. ಓಪನ್‌ವಿಪಿಎನ್ ಇರುವುದು ಕರ್ನಲ್ಲಿನ ಹೊರಗೆ. ಒಂದೊಂದು ಪ್ಯಾಕೆಟ್ಟೂ ಕರ್ನಲ್ಲಿನಿಂದ ಅದರ ಕೈಗೆ ಬಂದು, ಬೀಗ ಹಾಕಿಸಿಕೊಂಡು, ಮತ್ತೆ ಕರ್ನಲ್ಲಿಗೆ ವಾಪಸ್ ಹೋಗಬೇಕು. ಆ ಓಡಾಟದಲ್ಲೇ ಚಿಕ್ಕ ಪ್ರೊಸೆಸರು ಸುಸ್ತಾಗುತ್ತದೆ. ಹಾಗಾಗಿ ಆ 72 ದಾಟಲಾರದ ಗೋಡೆ ಅಂತ ತಿಳಿಯಿರಿ. ಕೈಗೆ ಸಿಗುವುದು ಅದರ ಕಾಲು ಭಾಗವೂ ಇರಬಹುದು.

“ಗಿಗಾಬಿಟ್ ರೌಟರು ಅಲ್ವಾ, ವಿಪಿಎನ್ ಇಲ್ಲದೆ 900 ಬರುತ್ತದಲ್ಲ” ಅಂತ ನಮ್ಮನೆಯವರು ಕೇಳಿದರು. ಆ 900ಕ್ಕೆ ಪ್ರೊಸೆಸರು ಬೆವರುವುದೇ ಇಲ್ಲ. ಪ್ಯಾಕೆಟ್ಟಿನ ವಿಳಾಸ ಬದಲಿಸಿ ದಾಟಿಸುವ ಕೆಲಸವನ್ನು ಚಿಪ್ಪಿನ ಬೇರೆ ಭಾಗ ಮಾಡಿಬಿಡುತ್ತದೆ. ವಿಪಿಎನ್ ಪ್ಯಾಕೆಟ್ಟಿಗೆ ಆ ಅಡ್ಡದಾರಿ ಇಲ್ಲ, ಪ್ರೊಸೆಸರಿನ ಮುಂದೆಯೇ ಸಾಲು ನಿಲ್ಲಬೇಕು.

ಅದೇ ರೌಟರಿಗೆ ವೈರ್‌ಗಾರ್ಡ್ ಹಾಕಿದೆ, ಆ ಕಡೆ ಬೆಂಗಳೂರಿನ ತಮ್ಮನ ಮನೆ. 88 ಬಂತು. ಅದು ಕರ್ನಲ್ಲಿನ ಒಳಗೇ ಇರುತ್ತದೆ, ಕೆಲಸವನ್ನು ಎಲ್ಲ ಕೋರಿಗೂ ಹಂಚುತ್ತದೆ, ಎಇಎಸ್ ಬದಲು ಚಾಚಾ20 ಬಳಸುತ್ತದೆ. ಎಇಎಸ್‌ಗೆ ಚಿಪ್ಪಿನಲ್ಲೇ ಪ್ರತ್ಯೇಕ ಸೂಚನೆಗಳಿದ್ದರೆ ಮಾತ್ರ ಅದು ಹಾರುತ್ತದೆ, ಇಲ್ಲದಿದ್ದರೆ ತೆವಳುತ್ತದೆ. ಚಾಚಾಗೆ ಅಂಥ ಸೂಚನೆಗಳ ಹಂಗಿಲ್ಲ.

`PPTP` ವಿಷಯ: `WAN` ಪಟ್ಟಿಯಲ್ಲಿ ಇರುವುದು ಕೆಲವು ಇಂಟರ್‌ನೆಟ್ ಕಂಪನಿಗಳಿಗೆ ಡಯಲ್ ಮಾಡಲು. ಅದನ್ನು ಆರಿಸಿದರೆ ನಿಮ್ಮ `PPPoE` ಎಲ್ಲಿ ಹೋಗುತ್ತದೆ? `.ovpn` ಫೈಲನ್ನು ಅಲ್ಲಿ ಹಾಕುವುದು ಹೇಗೆ? `PPTP`ಯ ಬೀಗವಂತೂ 2012ರಿಂದಲೇ ಮುರಿದ ಬೀಗ.

---

ಕಾಳಿ ಸೇತುವೆ, ಕಾರವಾರ

ಪಾಠ ಮಾಡಿದ್ದಕ್ಕೆ ಧನ್ಯವಾದ ಮೇಡಂ. ಹಾಗಾದರೆ ನಾಲ್ಕು ಕೋರು ಅಂತ ಜಾಸ್ತಿ ದುಡ್ಡು ಕೊಡುವವರೆಲ್ಲ ದಡ್ಡರಾ? ನನ್ನದು `L2TP` ಮೂಲಕ ಒಮ್ಮೆ ಸೇರಿದ್ದು ಸುಳ್ಳಾ?

---

ಅಘನಾಶಿನಿ, ಕುಮಟಾ

ದಡ್ಡರು ಅಂದಿಲ್ಲ. ವೈರ್‌ಗಾರ್ಡಿಗೆ ಕೋರು ಜಾಸ್ತಿ ಇದ್ದಷ್ಟೂ ಒಳ್ಳೆಯದು. ಓಪನ್‌ವಿಪಿಎನ್‌ಗೆ ಒಂದೇ ಕೋರು ಎಷ್ಟು ಗಟ್ಟಿ ಎಂಬುದು ಮುಖ್ಯ. ರೌಟರಿನ ಓಪನ್‌ವಿಪಿಎನ್ 2.6 ಆಗಿದ್ದು, ಅದರಲ್ಲಿ ಡಿಸಿಒ ಮಾಡ್ಯೂಲ್ ಹಾಕಿದ್ದರೆ ಅದೂ ಕರ್ನಲ್ಲಿನೊಳಗೆ ಓಡುತ್ತದೆ, ಆಗ ಕಥೆ ಬೇರೆ. ಅಂಗಡಿಯಿಂದ ಬಂದ ಫರ್ಮ್‌ವೇರಿನಲ್ಲಿ ಅದು ಇರುತ್ತದೆ ಅಂತ ನಂಬಿ ಕೊಳ್ಳಬೇಡಿ. `L2TP` ಸೇರಿದ್ದು ಸುಳ್ಳಲ್ಲ. ಆದರೆ ಐಪಿಸೆಕ್ ಜೊತೆಗಿಲ್ಲದಿದ್ದರೆ ಅದು ಬೀಗವೇ ಇಲ್ಲದ ಪೆಟ್ಟಿಗೆ ಕಳಿಸುತ್ತದೆ. ನಿಮ್ಮದರಲ್ಲಿ ಇತ್ತಾ?

---

ಕಾಳಿ ಸೇತುವೆ, ಕಾರವಾರ

ನೋಡಿಲ್ಲ.

---

ಕಾಡುಮನೆ, ಯಲ್ಲಾಪುರ

ಈ ರೌಟರುಗಳ ಸಹವಾಸವೇ ಬೇಡ. ನಾನು ನಾಲ್ಕು ವರ್ಷದಿಂದ ರಾಸ್ಪ್‌ಬೆರಿ ಪೈ 4 ಇಟ್ಟು ಇಡೀ ಮನೆಯನ್ನು ವಿಪಿಎನ್ ಮೇಲೆ ನಡೆಸುತ್ತಿದ್ದೇನೆ. ರೌಟರು ಬರೀ ವೈಫೈ ಕೊಡುತ್ತದೆ, ಉಳಿದದ್ದೆಲ್ಲ ಪೈ. 64 ಬಿಟ್ಟಿನ ಆರ್ಮ್ ಪ್ರೊಸೆಸರು, 1.5 ಗಿಗಾಹರ್ಟ್ಸ್, ಎಇಎಸ್ ಹಾರ್ಡ್‌ವೇರಿನಲ್ಲೇ ಆಗುತ್ತದೆ. ಎರಡನೇ ಈಥರ್ನೆಟ್ ಬೇಕಲ್ಲ, ಅದಕ್ಕೆ ಯುಎಸ್‌ಬಿಯದ್ದು ಒಂದು ತಂದೆ, 1,150. ಪೆಟ್ಟಿಗೆಗೆ 600. ಫ್ಯಾನು ಮಳೆಗಾಲದ ತಂಪಿಗೆ ಹಿಡಿದುಕೊಂಡು ಕಿರ್ ಅನ್ನುತ್ತಿತ್ತು, ಬದಲಿಸಿದೆ.

ಕಷ್ಟ ಒಂದೇ, ಕರೆಂಟು. ಜುಲೈಯಲ್ಲಿ ನಮ್ಮಲ್ಲಿ ಮರ ಬಿದ್ದು ಹೋದರೆ ಎರಡು ದಿನ ಇಲ್ಲ, ಬಂದರೂ ಹತ್ತು ಸಲ ಬಂದು ಹೋಗುತ್ತದೆ. ಮೊದಲ ವರ್ಷ ಮೂರು ಎಸ್‌ಡಿ ಕಾರ್ಡು ಹಾಳಾದವು. ಮೂರನೆಯದು ಹಾಳಾದದ್ದು ಸರಿಯಾಗಿ ಕೊಟ್ಟಿಗೆಯಲ್ಲಿ ದನ ಕರು ಹಾಕುವ ಹೊತ್ತಿಗೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕಾರ್ಡು. ಈಗ ಎಸ್‌ಎಸ್‌ಡಿ ಹಾಕಿ ಇನ್ವರ್ಟರಿಗೆ ಕೊಟ್ಟಿದ್ದೇನೆ. ರೌಟರು ಕೊಳ್ಳುವವರಿಗೆಲ್ಲ ನನ್ನ ಮಾತು: ಪೈ ತಗೊಳ್ಳಿ.

---

ಅಘನಾಶಿನಿ, ಕುಮಟಾ

ಪೈ ಒಳ್ಳೆಯದೇ. ಆದರೆ ಪೈ 4ರಲ್ಲಿ ಎಇಎಸ್ ಹಾರ್ಡ್‌ವೇರ್ ಇಲ್ಲ.

---

ಕಾಡುಮನೆ, ಯಲ್ಲಾಪುರ

ನಾಲ್ಕು ವರ್ಷ ಓಡಿಸಿದವ ನಾನು. ಕಾರ್ಟೆಕ್ಸ್ ಎ72ರಲ್ಲಿ ಎಇಎಸ್ ಇರುತ್ತದೆ, ಎಲ್ಲಿ ಬೇಕಾದರೂ ಓದಿ.

---

ಅಘನಾಶಿನಿ, ಕುಮಟಾ

ಎ72 ಮಾಡುವವರಿಗೆ ಅದು ಬೇಕಾದರೆ ಸೇರಿಸಿಕೊಳ್ಳುವ ಭಾಗ. ಪೈ 4ರ ಚಿಪ್ಪಿನಲ್ಲಿ ಸೇರಿಸಿಲ್ಲ. ಓದುವುದು ಬೇಡ, ಕೇಳಿ ನೋಡಿ:

```
grep -m1 Features /proc/cpuinfo
```

---

ಕಾಡುಮನೆ, ಯಲ್ಲಾಪುರ

```
Features : fp asimd evtstrm crc32 cpuid
```

ಹೌದು, `aes` ಇಲ್ಲ. ಆದರೆ ನನ್ನ ಪೈ ಇವತ್ತಿಗೂ ಲೈನು ಪೂರ್ತಿ ಕೊಡುತ್ತದೆ, ಅದನ್ನು ಯಾರೂ ಸುಳ್ಳು ಮಾಡಲಾಗದು.

---

ಅಘನಾಶಿನಿ, ಕುಮಟಾ

ಕೊಡಲಿ ಮಾರಾಯ್ರೆ, ನಾನು ಬೇಡ ಅಂದೆನಾ? ಆ ಕೋರುಗಳು ಗಟ್ಟಿ ಇವೆ, ಸಾಫ್ಟ್‌ವೇರಿನಲ್ಲೇ ಎಇಎಸ್ ಮಾಡಿಯೂ 100ರ ಲೈನು ತುಂಬುತ್ತವೆ. 300ರ ಲೈನು ಹಾಕಿಸಿದ ದಿನ ಗೊತ್ತಾಗುತ್ತದೆ. ಆಗ ಸರ್ವರಿನವರೂ ಒಪ್ಪಿದರೆ ಓಪನ್‌ವಿಪಿಎನ್‌ನಲ್ಲೇ ಎಇಎಸ್ ಬದಲು ಚಾಚಾ ಹಾಕಿಕೊಳ್ಳಿ. 2.5ರಿಂದ ಈ ಸಾಲು ನಡೆಯುತ್ತದೆ:

```
data-ciphers CHACHA20-POLY1305
```

ಪೈ 5ರಲ್ಲಿ ಇದೇ ಕಮಾಂಡು ಕೊಟ್ಟರೆ `aes` ಅಂತ ತೋರಿಸುತ್ತದೆ. ನಾನು ಈಗ ಇಟ್ಟಿರುವ ರೌಟರಿನಲ್ಲೂ ಇದೆ, MT7981 ಚಿಪ್ಪು, 1.3 ಗಿಗಾಹರ್ಟ್ಸ್, ಎರಡೇ ಕೋರು. ಹಳೆಯ ಅದೇ `.ovpn` ಫೈಲು, ಅದೇ ಲೈನು. 17 ಇದ್ದದ್ದು 80ರ ಹತ್ತಿರ ಬಂತು. ಗಿಗಾಹರ್ಟ್ಸ್ ಒಂದೂವರೆ ಪಟ್ಟು, ವೇಗ ನಾಲ್ಕು ಪಟ್ಟಿಗಿಂತ ಜಾಸ್ತಿ. ಡಬ್ಬದ ಮೇಲಿನ ಗಿಗಾಹರ್ಟ್ಸ್ ನೋಡಿ ಕೊಳ್ಳಬೇಡಿ ಅನ್ನುವುದು ಇದಕ್ಕೇ.

---

ಶರಾವತಿ ದಡ, ಹೊನ್ನಾವರ

ಎಲ್ಲರೂ ಕಮಾಂಡು ಕಮಾಂಡು ಅನ್ನುತ್ತೀರಿ. ಕೊಳ್ಳುವ ಮೊದಲು ಅಂಗಡಿಯಲ್ಲಿ ನಿಂತು ಕಮಾಂಡು ಕೊಡಲು ಬಿಡುತ್ತಾರಾ?

---

ಅಘನಾಶಿನಿ, ಕುಮಟಾ

ಬಿಡುವುದಿಲ್ಲ. ನಾನು ಮಾಡಿದ್ದು ಹೀಗೆ. ಕೆಲವು ಕಂಪನಿಗಳು ತಮ್ಮ ರೌಟರಿನ ಮೆನುವಿನ ನಕಲನ್ನು ವೆಬ್ಬಿನಲ್ಲಿ ಇಟ್ಟಿರುತ್ತವೆ, ಎಮ್ಯುಲೇಟರ್ ಅಂತ. ಒಳಗೆ ಹೋಗಿ `VPN Client` ಎಂಬ ಸಾಲು ಕಣ್ಣಾರೆ ಹುಡುಕಿದೆ. ಅದು ಇಲ್ಲದ ಕಡೆ ಬಳಕೆದಾರರ ಕೈಪಿಡಿಯ ಪಿಡಿಎಫ್ ಇಳಿಸಿ ಅದರಲ್ಲಿ ಹುಡುಕಿದೆ. ಜಾಹೀರಾತಿನ ಪುಟ ನೋಡಲೇ ಇಲ್ಲ. ಸಿಕ್ಕಿದ ಮೇಲೆ ಯಾವ ಹಾರ್ಡ್‌ವೇರ್ ವರ್ಷನ್ನಿಗೆ ಎಂದು ನೋಡಬೇಕು, ಯಾಕೆಂದರೆ ನಿಮ್ಮ V2, V4 ಕಥೆಯೇ ಅಲ್ಲೂ ಆಗುತ್ತದೆ. ಭಾರತಕ್ಕೆ ಬರುವ ಫರ್ಮ್‌ವೇರು ಬೇರೆ ಇದ್ದರೆ ಅದನ್ನೂ ನೋಡಬೇಕು. ಪ್ರೊಸೆಸರಿನ ಹೆಸರು ಕಂಪನಿಯವರು ಹೇಳದಿದ್ದರೆ OpenWrt ತಾಣದ ಹಾರ್ಡ್‌ವೇರ್ ಪಟ್ಟಿಯಲ್ಲಿ ವರ್ಷನ್ ಸಮೇತ ಹುಡುಕಿ, ಎಷ್ಟೋ ಮಾಡೆಲ್ಲುಗಳದ್ದು ಅಲ್ಲಿ ಸಿಗುತ್ತದೆ.

---

ಶರಾವತಿ ದಡ, ಹೊನ್ನಾವರ

ಇದನ್ನು ಹೋದ ವರ್ಷ ಹೇಳಿದ್ದರೆ ನನ್ನ 5,470 ಉಳಿಯುತ್ತಿತ್ತು.

---

ಅಟ್ಟದ ಮೇಲಿನ ಆಫೀಸು, ಶಿರಸಿ

ಎಲ್ಲರಿಗೂ ವಂದನೆ. ಈಗಷ್ಟೇ ಹೋಗಿ ನೋಡಿದೆ. ನನ್ನದರಲ್ಲೂ `VPN Server` ಮಾತ್ರ ಇದೆ. ಹೊನ್ನಾವರದವರ ಜೊತೆ ನಾನೂ ಸೇರಿದೆ. ಹಾಗಾದರೆ 100 ಪೂರ್ತಿ ಬರುವ ಹಾಗೆ `aes` ಇರುವ ಚಿಪ್ಪಿನದ್ದೇ ತಗೊಳ್ಳಬೇಕಾ? ಆಫೀಸಿನವರನ್ನು ವೈರ್‌ಗಾರ್ಡ್ ಕೇಳಿದೆ. “ನೋಡೋಣ” ಅಂದರು. ಅವರ ನೋಡೋಣ ನನಗೆ ಗೊತ್ತು.

---

ತೋಟದಮನೆ, ಸಿದ್ದಾಪುರ

ಬೆಳಗಿನಿಂದ ಓದುತ್ತಿದ್ದೇನೆ. ಯಾರೂ ಇವರಿಗೆ ಎಷ್ಟು ವೇಗ ಬೇಕು ಅಂತ ಕೇಳಲಿಲ್ಲವಲ್ಲ.

ನನ್ನ ಕಥೆ ಹೇಳುತ್ತೇನೆ. ನನ್ನದೂ ಐಪಿ ಫೋನೇ, ನಮ್ಮ ಸೊಸೈಟಿಯ ಲೆಕ್ಕಪತ್ರದ ಕೆಲಸಕ್ಕೆ. ಒಂದು ಕರೆಗೆ ಹೋಗಲು ಬರಲು ತಲಾ 100 ಕೆಬಿಪಿಎಸ್ ಇದ್ದರೆ ಜಾಸ್ತಿಯೇ ಆಯಿತು. ಸ್ಕ್ಯಾನ್ ಮಾಡಿದ ಹತ್ತು ಪುಟ ಕೆಲವು ಎಂಬಿ. ಇದಕ್ಕೆ 17 ಎಂಬಿಪಿಎಸ್ ಸಾಲದಾ? ನಾನು ಇವತ್ತಿಗೂ ಅದೇ ಹಳೆಯ 880 ಮೆಗಾಹರ್ಟ್ಸ್ ಚಿಪ್ಪಿನದ್ದನ್ನೇ ಬಳಸುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್, 1,300 ರೂಪಾಯಿ.

ಮೊದಲು ನಾನೂ ಸಿಕ್ಕಿಬಿದ್ದೆ. ಆಫೀಸಿನ ಸರ್ವರು “ಎಲ್ಲ ಟ್ರಾಫಿಕ್ಕೂ ನನ್ನ ಮೂಲಕವೇ ಬರಲಿ” ಅಂತ ಹೇಳಿ ಕಳಿಸುತ್ತಿತ್ತು. ಲ್ಯಾಪ್‌ಟಾಪಿಗೆ ಅದು ಗೊತ್ತಾಗುವುದಿಲ್ಲ, ರೌಟರಿಗೆ ಹಾಕಿದರೆ ಗೊತ್ತಾಗುತ್ತದೆ. ಮಕ್ಕಳ ಯೂಟ್ಯೂಬು, ಮನೆಯ ಟಿವಿ, ಎಲ್ಲವೂ ಆಫೀಸು ಸುತ್ತಿಕೊಂಡು ಬರತೊಡಗಿತು. 17ರಲ್ಲಿ ಇಡೀ ಮನೆ. ಫೋನಿನಲ್ಲಿ ನನ್ನ ಮಾತು ತುಂಡು ತುಂಡಾಗಿ ಕೇಳುತ್ತದೆ ಅಂತ ಆ ಕಡೆಯವರು ಬೈಯುತ್ತಿದ್ದರು. `.ovpn` ಫೈಲಿನ ಕೊನೆಗೆ ಇದೊಂದು ಸಾಲು ಹಾಕಿದೆ:

```
pull-filter ignore "redirect-gateway"
```

ಈಗ ಆಫೀಸಿನ ವಿಳಾಸಗಳಿಗೆ ಹೋಗುವುದು ಮಾತ್ರ ವಿಪಿಎನ್ ಒಳಗೆ. ಯೂಟ್ಯೂಬು ನೇರ ದಾರಿಯಲ್ಲಿ, 100 ಪೂರ್ತಿ. ಸಂಜೆ ಇಡೀ ಮನೆ ಬಳಸುವಾಗಲೂ ಓಪನ್‌ವಿಪಿಎನ್ 3% ದಾಟುವುದಿಲ್ಲ.

---

ಅಘನಾಶಿನಿ, ಕುಮಟಾ

ಇದು ಸರಿ. ನಾನು ವೇಗದ ಹಿಂದೆ ಬಿದ್ದು ಇದನ್ನು ಕೇಳಲೇ ಇಲ್ಲ. ಒಂದೇ ಮಾತು, ಆ ಸಾಲು ಹಾಕುವ ಮೊದಲು ಆಫೀಸಿನವರ ಹತ್ತಿರ ಹೇಳಿಬಿಡಿ. ಕೆಲವರು ಬೇಕೆಂದೇ ಎಲ್ಲವನ್ನೂ ತಮ್ಮ ಮೂಲಕ ತರಿಸುತ್ತಾರೆ. ಗೊತ್ತಾದರೆ ಅಕೌಂಟೇ ತೆಗೆದುಹಾಕುತ್ತಾರೆ.

---

ಕಾಡುಮನೆ, ಯಲ್ಲಾಪುರ

1,300ರ ಸೆಕೆಂಡ್ ಹ್ಯಾಂಡ್ ಒಂದು ಸಿಡಿಲಿಗೆ ಮುಗಿಯಿತು.

---

ತೋಟದಮನೆ, ಸಿದ್ದಾಪುರ

ಫೈಬರಿನಲ್ಲಿ ಸಿಡಿಲು ಬರುವುದಿಲ್ಲ ತಮ್ಮಾ.

---

ಕಾಡುಮನೆ, ಯಲ್ಲಾಪುರ

ಫೈಬರಿನಲ್ಲಿ ಬರುವುದಿಲ್ಲ, ಅಡಾಪ್ಟರಿನಲ್ಲಿ ಬರುತ್ತದೆ. ಮನೆಯಿಂದ ಕೊಟ್ಟಿಗೆಯ ಕ್ಯಾಮೆರಾಕ್ಕೆ ಎಳೆದ ತಾಮ್ರದ ಕೇಬಲ್ಲಿನಲ್ಲೂ ಬರುತ್ತದೆ. ಮೇ ತಿಂಗಳಲ್ಲಿ ನನ್ನ ಸ್ವಿಚ್ಚಿನ ಐದು ಪೋರ್ಟಿನಲ್ಲಿ ಸತ್ತದ್ದು ಅದೊಂದೇ ಪೋರ್ಟು. ಪೈಗೆ ಏನೂ ಆಗಲಿಲ್ಲ.

---

ತೋಟದಮನೆ, ಸಿದ್ದಾಪುರ

ಗುಡುಗು ಶುರುವಾದ ಕೂಡಲೇ ನಮ್ಮಮ್ಮ ಎಲ್ಲ ಪ್ಲಗ್ಗು ಕೀಳುತ್ತಾಳೆ. 1,300 ಉಳಿದದ್ದು ಹಾಗೆ.

---

ಅಟ್ಟದ ಮೇಲಿನ ಆಫೀಸು, ಶಿರಸಿ

ಈಗ ನನ್ನ `.ovpn` ಫೈಲಿನಲ್ಲಿ ಹುಡುಕಿದೆ, `redirect-gateway` ಅಂತ ಎಲ್ಲೂ ಇಲ್ಲ. ಹಾಗಾದರೆ ಎಲ್ಲ ಟ್ರಾಫಿಕ್ಕು ಹೋಗುವುದಿಲ್ಲ ಅಂತಲಾ?

---

ಅಘನಾಶಿನಿ, ಕುಮಟಾ

ಹಾಗೆ ಹೇಳಲಾಗದು. ಸಾಮಾನ್ಯವಾಗಿ ಅದು ಫೈಲಿನಲ್ಲಿ ಇರುವುದಿಲ್ಲ, ಸೇರಿದ ಮೇಲೆ ಸರ್ವರು ಕಳಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ಸೇರಿದ ಮೇಲೆ ಲಾಗ್ ತೆರೆದು `PUSH_REPLY` ಎಂಬ ಸಾಲು ನೋಡಿ. ಅದರೊಳಗೆ `redirect-gateway` ಇದ್ದರೆ ಎಲ್ಲವೂ ಆಫೀಸು ಸುತ್ತುತ್ತದೆ. ಬರೀ `route` ಅಂತ ಒಂದೆರಡು ವಿಳಾಸ ಇದ್ದರೆ ನೀವು ಏನೂ ಮಾಡಬೇಕಿಲ್ಲ, ಕ್ಲೈಂಟ್ ಇರುವ ಯಾವ ಅಗ್ಗದ ರೌಟರಾದರೂ ನಡೆಯುತ್ತದೆ.

---

ಕಾಳಿ ಸೇತುವೆ, ಕಾರವಾರ

ಕೇಬಲ್ ಚುಚ್ಚಿ ಲ್ಯಾಪ್‌ಟಾಪಿನಲ್ಲಿ ನೋಡಿದೆ. 91.

ಆದರೂ ಜೂನ್‌ನಲ್ಲಿ ಅವರು ಮೂರು ದಿನ ಲೈನೇ ಕೊಟ್ಟಿರಲಿಲ್ಲ. ಹನ್ನೊಂದು ದೂರಿನಲ್ಲಿ ಎರಡು ಅದಕ್ಕೆ.

---

ಅಲೆಮಾರಿ, ಭಟ್ಕಳ

ಹಾಗಾದರೆ ಟಿವಿಗೆ ಯಾವ ಆ್ಯಪ್ ಒಳ್ಳೆಯದು?

---

ಶರಾವತಿ ದಡ, ಹೊನ್ನಾವರ

ನನ್ನ ಸತ್ತ ರೌಟರು ಯಾರಿಗಾದರೂ ಬೇಕಾ? ಅಡಾಪ್ಟರು ಚೆನ್ನಾಗಿದೆ.